ಚಾಕೊಲೇಟ್ ಸಿಸ್ಟ್: ಐವಿಎಫ್‌ಗೆ ಮೊದಲು ತೆಗೆಸಲೇಬೇಕೆ?

‘ಎಡ ಅಂಡಾಶಯದಲ್ಲಿ 4.5 ಸೆಂಟಿಮೀಟರ್ ಚಾಕೊಲೇಟ್ ಸಿಸ್ಟ್’ ಎಂದು ಸ್ಕ್ಯಾನ್ ವರದಿಯಲ್ಲಿ ಬಂದರೆ, ಮನೆಯವರೆಲ್ಲ ಹೇಳುವುದು ಒಂದೇ: ಮೊದಲು ಗಡ್ಡೆ ತೆಗೆಸಿ, ಆಮೇಲೆ ಐವಿಎಫ್. ಕೇಳಲು ಸರಿಯೆನಿಸುತ್ತದೆ. ಒಂದು ಕಾಲಕ್ಕೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಸಂತಾನ ಚಿಕಿತ್ಸೆಯ ತಜ್ಞರ ಯುರೋಪಿಯನ್ ಸಂಘಟನೆಯಾದ ಎಶ್ರೆ, 2005ರ ಮಾರ್ಗಸೂಚಿಯಲ್ಲಿ 4 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಸಿಸ್ಟನ್ನು ತೆಗೆಯಲು ಸೂಚಿಸಿತ್ತು. ಅದೇ ಸಂಘಟನೆ 2022ರಲ್ಲಿ, ಐವಿಎಫ್ ಫಲ ಹೆಚ್ಚಲೆಂದು ಎಲ್ಲರಿಗೂ ಆಪರೇಷನ್ ಮಾಡಬೇಡಿ ಎಂದಿತು. ಆಪರೇಷನ್ನಿನಿಂದ ಹೆರಿಗೆಗಳು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಅಂಡಾಶಯಕ್ಕೆ ಪೆಟ್ಟು ಬೀಳುವುದಕ್ಕೆ ಮಾತ್ರ ಸಿಕ್ಕಿತು.

ಪೆಟ್ಟು ಬೀಳುವುದು ಏಕೆ? ಬೇರೆ ಕೆಲವು ಸಿಸ್ಟ್‌ಗಳಿಗೆ ತಮ್ಮದೇ ಗೋಡೆಯಿರುತ್ತದೆ. ನೆನೆದ ಅವರೆಕಾಳನ್ನು ಹಿತಕಿದರೆ ಬೇಳೆ ಹೊರಬರುವಂತೆ ಅವು ಸುಲಭವಾಗಿ ಬಿಡಿಸಿಕೊಂಡು ಬರುತ್ತವೆ. ಎಂಡೊಮೆಟ್ರಿಯೋಮಾ ಹಾಗಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯಕ್ಕೆ ಅಂಟಿ, ಮುಟ್ಟಿನ ಸಮಯದಲ್ಲಿ ಅಲ್ಲೇ ರಕ್ತ ಸುರಿಸುತ್ತದೆ. ಹಳೆಯ ರಕ್ತ ಕಂದು ಪಾಕವಾಗಿ ತುಂಬಿಕೊಳ್ಳುತ್ತದೆ. ಅದರ ಸುತ್ತ ಗೋಡೆಯಂತೆ ಕಾಣುವುದರಲ್ಲಿ ಬಹುಭಾಗ ಒಳಕ್ಕೆ ಮಡಿಚಿಕೊಂಡ ಅಂಡಾಶಯದ ಹೊರಪದರವೇ. ಮೊಟ್ಟೆಗಳ ದಾಸ್ತಾನು ಇರುವುದು ಆ ಪದರದಲ್ಲಿ. ಲ್ಯಾಪ್ರೊಸ್ಕೋಪಿಯಲ್ಲಿ ಸಿಸ್ಟ್ ಸುಲಿದಾಗ ಅದರ ಜೊತೆ ಒಂದಷ್ಟು ಮೊಟ್ಟೆಗಳೂ ಹೋಗುತ್ತವೆ. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಟ್ಟರೆ ಆ ಶಾಖಕ್ಕೆ ಇನ್ನಷ್ಟು. ಶಸ್ತ್ರವೈದ್ಯರ ಕೈ ಎಷ್ಟು ಪಳಗಿದ್ದರೂ ಈ ನಷ್ಟವನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲಾಗದು.

ನಷ್ಟ ಗೊತ್ತಾಗುವುದು ಎಎಂಹೆಚ್ ಎಂಬ ರಕ್ತಪರೀಕ್ಷೆಯಲ್ಲಿ. ಅದು ಉಳಿದ ಮೊಟ್ಟೆಗಳ ಸಂಖ್ಯೆಯ ಅಂದಾಜು, ಗುಣಮಟ್ಟದ ಅಳತೆಯಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಆಪರೇಷನ್ ನಂತರ ಎಎಂಹೆಚ್ ಸರಾಸರಿ ಸುಮಾರು ಶೇ 38ರಷ್ಟು ಕುಸಿದಿತ್ತು. ಕೆಲವರಲ್ಲಿ ತಿಂಗಳುಗಳ ನಂತರ ಸ್ವಲ್ಪ ಚೇತರಿಕೆ ಕಾಣುತ್ತದೆ. ಎರಡೂ ಅಂಡಾಶಯಗಳಿಗೆ ಆಪರೇಷನ್ ಆದವರಲ್ಲಿ ಹೊಡೆತ ದೊಡ್ಡದು. ಅಪರೂಪವಾಗಿ ಮುಟ್ಟೇ ಅವಧಿಗೆ ಮೊದಲು ನಿಂತುಬಿಡುತ್ತದೆ.

33 ವರ್ಷದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಎಡಗಡೆ ಆ 4.5 ಸೆಂಟಿಮೀಟರ್ ಸಿಸ್ಟ್, ಬಲಗಡೆ ಏನೂ ಇಲ್ಲ. ಎಎಂಹೆಚ್ 1.4. ಮುಟ್ಟಿನ ನೋವು ಮಾತ್ರೆಗೆ ಬಗ್ಗುತ್ತದೆ. ಗಂಡನ ವೀರ್ಯಾಣು ಸಂಖ್ಯೆ ತೀರಾ ಕಡಿಮೆ, ಹಾಗಾಗಿ ಹೇಗಿದ್ದರೂ ಐವಿಎಫ್ ಬೇಕು. ಮೇಲಿನ ಸರಾಸರಿಯಂತೆ ಕುಸಿದರೆ ಈಕೆಯ 1.4 ಸುಮಾರು 0.9ಕ್ಕೆ ಇಳಿಯುತ್ತದೆ. ಹಾರ್ಮೋನ್ ಇಂಜೆಕ್ಷನ್‌ಗೆ ಬೆಳೆಯುವ ಮೊಟ್ಟೆಗಳು ಕಡಿಮೆಯಾಗುತ್ತವೆ, ಭ್ರೂಣಗಳೂ ಅಷ್ಟೇ. ಆಪರೇಷನ್, ಚೇತರಿಕೆ ಎಂದು ಕಳೆಯುವ ತಿಂಗಳುಗಳು ಬೇರೆ. ಇವರಿಗೆ ಸಿಸ್ಟನ್ನು ಅದರ ಪಾಡಿಗೆ ಬಿಟ್ಟು ನೇರವಾಗಿ ಐವಿಎಫ್‌ಗೆ ಹೋಗುವುದೇ ಮೇಲು ಎನ್ನುತ್ತೇನೆ. ಮೊಟ್ಟೆ ತೆಗೆಯುವಾಗ ಸೂಜಿ ಸಿಸ್ಟ್‌ಗೆ ತಗುಲಿದರೆ ಸೋಂಕಾಗಿ ಕೀವು ಕಟ್ಟುವ ಅಪಾಯವಿದೆ, ಆದರೆ ಅದು ವಿರಳ. ಮೊಟ್ಟೆ ತೆಗೆದ ಮೇಲೆ ಜ್ವರ, ಹೆಚ್ಚುತ್ತಲೇ ಹೋಗುವ ಕಿಬ್ಬೊಟ್ಟೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಿತ್ರದ ಒಂದೆರಡು ಗೆರೆ ಬದಲಾದರೆ ಉತ್ತರವೂ ಬದಲಾಗುತ್ತದೆ. ನೋವು ಮಾತ್ರೆಗೂ ಬಗ್ಗದೆ ದಿನನಿತ್ಯದ ಕೆಲಸ ಕೆಡಿಸುತ್ತಿದ್ದರೆ, ಅಥವಾ ಸಿಸ್ಟ್ ಅಡ್ಡ ನಿಂತು ಸೂಜಿ ಮೊಟ್ಟೆಗಳನ್ನು ತಲುಪದಿದ್ದರೆ ಆಪರೇಷನ್ನಿಗೆ ಅರ್ಥವಿದೆ. ಸ್ಕ್ಯಾನ್‌ನಲ್ಲಿ ಸಿಸ್ಟ್ ಒಳಗೆ ಗಟ್ಟಿ ಭಾಗ, ಅದರಲ್ಲಿ ರಕ್ತಸಂಚಾರ ಕಂಡರೆ ಕ್ಯಾನ್ಸರ್ ಅಲ್ಲವೆಂದು ಮೊದಲು ಖಚಿತವಾಗಬೇಕು. ಅಲ್ಲಿ ಮೊಟ್ಟೆಯ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಸಿಎ-125 ರಕ್ತಪರೀಕ್ಷೆಯ ಅಂಕಿ ಏರಿದೆಯೆಂದು ಮಾತ್ರ ಗಾಬರಿಯಾಗಬೇಡಿ. ಬರೀ ಎಂಡೊಮೆಟ್ರಿಯೋಸಿಸ್ ಇದ್ದರೂ ಅದು ಏರುತ್ತದೆ. ಇನ್ನು, ಐವಿಎಫ್ ಬೇಡ, ಸಹಜವಾಗಿಯೇ ಪ್ರಯತ್ನಿಸುತ್ತೇವೆ ಎನ್ನುವ ದಂಪತಿಯ ಲೆಕ್ಕವೇ ಬೇರೆ. ಅಂಥವರಲ್ಲಿ ಕೆಲವರಿಗೆ ಆಪರೇಷನ್ ನೆರವಾಗಬಹುದು.

ಸೂಜಿಯಿಂದ ಪಾಕ ಹೀರಿಬಿಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಬರೀ ಹೀರಿದರೆ ಬಹುತೇಕ ಮತ್ತೆ ತುಂಬಿಕೊಳ್ಳುತ್ತದೆ. ಸುಲಿದು ತೆಗೆದರೂ ಮರುಕಳಿಸುವುದುಂಟು, ಮತ್ತು ಅದೇ ಅಂಡಾಶಯಕ್ಕೆ ಎರಡನೆಯ ಆಪರೇಷನ್ ಮೊದಲನೆಯದಕ್ಕಿಂತ ದುಬಾರಿ. ಒಮ್ಮೆ ಆಪರೇಷನ್ ಆಗಿ ಎಎಂಹೆಚ್ ಇಳಿದಿರುವವರು ಮತ್ತೆ ಸಿಸ್ಟ್ ಕಂಡಿತೆಂದು ಟೇಬಲ್ ಹತ್ತುವ ಮುನ್ನ ಇನ್ನೊಬ್ಬ ತಜ್ಞರನ್ನು ಕೇಳುವುದು ಒಳ್ಳೆಯದು.

ಆಪರೇಷನ್ ಬೇಕೇಬೇಕು ಎಂದಾದರೆ, ದಿನಾಂಕ ಗೊತ್ತುಮಾಡುವ ಮೊದಲೇ ಎಎಂಹೆಚ್ ಮಾಡಿಸಿ, ಎರಡೂ ಕಡೆಯ ಮೊಟ್ಟೆಚೀಲಗಳನ್ನು ಸ್ಕ್ಯಾನ್‌ನಲ್ಲಿ ಎಣಿಸಿಡಬೇಕು. ರಕ್ತ ನಿಲ್ಲಿಸಲು ಸುಡುತ್ತೀರೋ, ಹೊಲಿಗೆ ಹಾಕುತ್ತೀರೋ ಎಂದು ಶಸ್ತ್ರವೈದ್ಯರನ್ನೇ ಕೇಳಬಹುದು. ಎರಡೂ ಕಡೆ ಸಿಸ್ಟ್ ಇದ್ದು ದಾಸ್ತಾನು ಈಗಾಗಲೇ ಕಡಿಮೆಯಿರುವವರು, ಕ್ಯಾನ್ಸರ್ ಅನುಮಾನ ಇಲ್ಲದಿದ್ದಲ್ಲಿ, ಮೊದಲು ಮೊಟ್ಟೆ ಅಥವಾ ಭ್ರೂಣಗಳನ್ನು ಶೀತಲೀಕರಿಸಿಟ್ಟು ಆಮೇಲೆ ಆಪರೇಷನ್ನಿಗೆ ಹೋಗುವ ದಾರಿಯೂ ಇದೆ. ಶೀತಲೀಕರಣಕ್ಕೆ ಖರ್ಚು ಹೆಚ್ಚು, ಆದರೆ ಸುಲಿದು ಹೋದ ಮೊಟ್ಟೆಯನ್ನು ಯಾವ ಔಷಧಿಯೂ ಮರಳಿ ತಂದುಕೊಡುವುದಿಲ್ಲ.