ನಿಮಗಿದು ಗೊತ್ತೇ? ಸೋತ ದಾವೆಯ ಮುಂದಿನ ಮೆಟ್ಟಿಲುಗಳು

ಹೊಲದ ವ್ಯಾಜ್ಯವೊಂದನ್ನು ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ಸೋತಿರಿ ಅನ್ನಿ. ಜಿಲ್ಲಾ ಮಟ್ಟದ ಕೋರ್ಟಿಗೆ ಅಪೀಲು ಹಾಕಲು 30 ದಿನ ಸಮಯ. ತೀರ್ಪು ಬಂದದ್ದು ಜೂನ್ 1ಕ್ಕೆ. ಆ ದಿನ ಲೆಕ್ಕಕ್ಕಿಲ್ಲ! ಹಾಗಾಗಿ ಗಡುವು ಜುಲೈ 1. ನೀವು ಜೂನ್ 5ಕ್ಕೆ ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಟ್ಟಿರಿ, ಕಾಪಿ ಸಿದ್ಧವಾದದ್ದು 17ಕ್ಕೆ. ಆ 13 ದಿನಗಳನ್ನೂ ಕಾಲಮಿತಿ ಕಾಯ್ದೆ ಬಿಟ್ಟುಕೊಡುತ್ತದೆ. ಗಡುವು ಜುಲೈ 14ಕ್ಕೆ ಹೋಯಿತು! ಆದರೆ ಅರ್ಜಿಯನ್ನೇ ಕೊಡದೆ ಸುಮ್ಮನೆ ಕೂತ ದಿನಗಳಿಗೆ ರಿಯಾಯಿತಿ ಇಲ್ಲ.

ಗಡುವು ದಾಟಿದರೆ ಕತೆ ಮುಗಿಯಿತೇ? ಇಲ್ಲ. ತಡಕ್ಕೆ ಸರಿಯಾದ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದು. ಕಾಶ್ಮೀರದ ಅನಂತನಾಗ್‌ನ ಭೂಸ್ವಾಧೀನ ಪ್ರಕರಣವೊಂದರಲ್ಲಿ ಸರ್ಕಾರದ ಅಪೀಲು ತಡವಾದದ್ದು ಬರೀ 4 ದಿನ. ಹೈಕೋರ್ಟ್ ಅದನ್ನು ವಜಾ ಮಾಡಿತು. ಆ 4 ದಿನವನ್ನು ಮನ್ನಿಸಿದ್ದು 1987ರಲ್ಲಿ ಸುಪ್ರೀಂ ಕೋರ್ಟ್! ಹೊಲ ಯಾರದು, ಪರಿಹಾರ ಎಷ್ಟು ಎಂಬ ಮಾತು ಆಮೇಲಿನದು.

ಅಪೀಲು ಹಾಕಿದ ಕೂಡಲೇ ಕೆಳಗಿನ ತೀರ್ಪು ನಿಂತುಹೋಗುತ್ತದೆ ಎಂದುಕೊಂಡಿದ್ದೀರಾ? ನಿಲ್ಲುವುದಿಲ್ಲ! ನಿಮ್ಮ ಅಪೀಲಿಗೆ ನಂಬರ್ ಬಿದ್ದ ದಿನವೇ ಗೆದ್ದವರು ಅಮಲ್ಜಾರಿ ಅರ್ಜಿ ಹಾಕಿ ಹೊಲದ ಸ್ವಾಧೀನ ಕೇಳಬಹುದು. ಅದನ್ನು ತಡೆಯಲು ತಡೆಯಾಜ್ಞೆಗೆ ಬೇರೆಯೇ ಅರ್ಜಿ ಬೇಕು. ತಡೆಯಾಜ್ಞೆ ಸಿಗದಿದ್ದರೆ ಅಪೀಲು ಒಂದು ಕಡೆ, ಅಮಲ್ಜಾರಿ ಇನ್ನೊಂದು ಕಡೆ ನಡೆಯುತ್ತಲೇ ಇರುತ್ತವೆ.

ನಾಲ್ಕು ಎಕರೆಗೆ ದಾವೆ ಹೂಡಿದ ಎದುರಾಳಿಗೆ ಮೂರು ಎಕರೆ ಸಿಕ್ಕಿತ್ತು, ಅಷ್ಟಕ್ಕೇ ತೃಪ್ತಿಪಟ್ಟು ಸುಮ್ಮನಿದ್ದರು. ನೀವು ಅಪೀಲು ಹಾಕಿದಿರಿ. ನೋಟಿಸ್ ತಲುಪಿದ ಒಂದು ತಿಂಗಳೊಳಗೆ, ಉಳಿದ ಒಂದು ಎಕರೆಗಾಗಿ ಅವರೂ ಅಡ್ಡ ಆಕ್ಷೇಪಣೆ ಸಲ್ಲಿಸಬಹುದು. ಗಾಬರಿಯಾಗಿ ನೀವು ಅಪೀಲನ್ನೇ ವಾಪಸ್ ತೆಗೆದುಕೊಂಡರೂ ಅವರ ಆಕ್ಷೇಪಣೆಯ ವಿಚಾರಣೆ ಮುಂದುವರಿಯುತ್ತದೆ!

ಮೊದಲ ಅಪೀಲಿನಲ್ಲೂ ಸೋತರೆ ಹೈಕೋರ್ಟಿಗೆ ಎರಡನೇ ಅಪೀಲು. ಇಲ್ಲಿ ಗಡುವು 90 ದಿನ. ಆದರೆ ಸಾಕ್ಷಿ ಹೇಳಿದ್ದು ನಿಜವೋ ಸುಳ್ಳೋ ಎಂದು ಇಲ್ಲಿ ಮತ್ತೆ ತೂಗುವುದಿಲ್ಲ. ಮಹತ್ವದ ಕಾನೂನು ಪ್ರಶ್ನೆಯೊಂದು ಇರಲೇಬೇಕು. ಸಾಕ್ಷ್ಯವೇ ಇಲ್ಲದೆ ತೀರ್ಮಾನಕ್ಕೆ ಬಂದಿದ್ದರೆ ಅದೂ ಕಾನೂನಿನ ಪ್ರಶ್ನೆಯೇ. ಅಂಥದ್ದೇನೂ ಇಲ್ಲದಿದ್ದರೆ ಹೈಕೋರ್ಟ್ ಎದುರು ಪಕ್ಷಕ್ಕೆ ನೋಟಿಸನ್ನೂ ಕೊಡದೆ ಅಪೀಲನ್ನು ವಜಾ ಮಾಡಬಹುದು!

ರಿವಿಷನ್ ಇನ್ನೂ ವಿಚಿತ್ರ. ‘ಈ ದಾವೆಗೆ ಕಾಲಮಿತಿ ಮೀರಿದೆ, ಆರಂಭದಲ್ಲೇ ತಿರಸ್ಕರಿಸಿ’ ಎಂದು ಪ್ರತಿವಾದಿ ಅರ್ಜಿ ಹಾಕಿದರು ಅನ್ನಿ. ಅರ್ಜಿ ಒಪ್ಪಿಗೆಯಾಗಿ ದಾವೆ ಬಿದ್ದುಹೋದರೆ ವಾದಿಗೆ ಉಳಿಯುವುದು ಅಪೀಲು. ಅದೇ ಅರ್ಜಿ ವಜಾ ಆದರೆ ಪ್ರತಿವಾದಿಗೆ ಅಪೀಲು ಇಲ್ಲ, ರಿವಿಷನ್ನೇ ದಾರಿ. ಅರ್ಜಿ ಒಂದೇ, ಸೋತವರು ಯಾರು ಎಂಬುದರ ಮೇಲೆ ದಾರಿ ಬೇರೆ! ಅಲ್ಲೂ ಕೆಳಗಿನ ಕೋರ್ಟ್ ತನ್ನ ಅಧಿಕಾರ ಮೀರಿತೇ, ಅಧಿಕಾರವಿದ್ದೂ ಚಲಾಯಿಸಲಿಲ್ಲವೇ ಎಂಬುದನ್ನಷ್ಟೇ ಮುಖ್ಯವಾಗಿ ನೋಡುತ್ತಾರೆ.

ರಿವ್ಯೂ ಅರ್ಜಿ ಮೇಲಿನ ಕೋರ್ಟಿಗೆ ಹೋಗುವುದೇ ಇಲ್ಲ! ತೀರ್ಪು ಕೊಟ್ಟ ಕೋರ್ಟಿಗೇ 30 ದಿನದೊಳಗೆ ಸಲ್ಲಿಸಬೇಕು. ಆ ನ್ಯಾಯಾಧೀಶರು ಅಲ್ಲೇ ಇದ್ದರೆ ಸಾಮಾನ್ಯವಾಗಿ ಅವರ ಮುಂದೆಯೇ ವಿಚಾರಣೆ. ಕಡತದಲ್ಲಿ ನೋಂದಾಯಿತ ಕ್ರಯಪತ್ರ ಇದ್ದರೂ ‘ಕ್ರಯಪತ್ರ ಹಾಜರುಪಡಿಸಿಲ್ಲ’ ಎಂದು ತೀರ್ಪಿನಲ್ಲಿ ಬಂದಿದ್ದರೆ ಅದು ಕಣ್ಣಿಗೆ ರಾಚುವ ತಪ್ಪು, ರಿವ್ಯೂಗೆ ತಕ್ಕ ಕಾರಣ. ‘ನನ್ನ ವಾದ ಒಪ್ಪಲಿಲ್ಲ’ ಎಂಬುದು ಕಾರಣವಲ್ಲ. ರಿವ್ಯೂನ ಮೇಲೆ ಇನ್ನೊಂದು ರಿವ್ಯೂ ಕೂಡ ಇಲ್ಲ!

ಸುಪ್ರೀಂ ಕೋರ್ಟಿನ ರಿವ್ಯೂ ಅರ್ಜಿಯಲ್ಲಿ ಸಾಮಾನ್ಯವಾಗಿ ವಕೀಲರ ವಾದವೇ ಇರುವುದಿಲ್ಲ. ನ್ಯಾಯಮೂರ್ತಿಗಳು ತಮ್ಮ ಕೊಠಡಿಯಲ್ಲೇ ಕಾಗದ ಓದಿ ತೀರ್ಮಾನಿಸುತ್ತಾರೆ. ಮರಣದಂಡನೆಯ ಪ್ರಕರಣಗಳನ್ನು ಮಾತ್ರ ತೆರೆದ ಕೋರ್ಟಿನಲ್ಲಿ ಕೇಳಬೇಕೆಂದು 2014ರಲ್ಲಿ ತೀರ್ಪಾಯಿತು. ರಿವ್ಯೂ ಬಿದ್ದರೂ ಕ್ಯುರೇಟಿವ್ ಅರ್ಜಿ ಎಂಬ ಅಪರೂಪದ ಅವಕಾಶವಿದೆ. ಅದು ಯಾವ ಶಾಸನದಲ್ಲೂ ಇರಲಿಲ್ಲ, 2002ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿನ ಮೂಲಕ ಕೊಟ್ಟದ್ದು!

ಇನ್ನೂ ಒಂದಿದೆ, ಇದಕ್ಕೆ ಕನ್ನಡ ನೆಲದ ನಂಟಿದೆ! ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ವ್ಯಾಜ್ಯದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಒಂದು ವಿಷಯ ಖಚಿತಪಡಿಸಿತು. ಅಪೀಲಿಗೆ ವಿಶೇಷ ಅನುಮತಿ ಕೋರಿದ ಅರ್ಜಿ ಕಾರಣ ಹೇಳದೆ ವಜಾ ಆದರೆ, ಹೈಕೋರ್ಟ್ ತೀರ್ಪು ಸುಪ್ರೀಂ ಕೋರ್ಟಿನ ಆದೇಶದಲ್ಲಿ ವಿಲೀನವಾಗುವುದಿಲ್ಲ. ಆಗ ಸೋತವರು ದೆಹಲಿಯಿಂದ ಕೆಳಗಿಳಿದು ಹೈಕೋರ್ಟಿನಲ್ಲೇ ರಿವ್ಯೂ ಕೇಳಬಹುದು. ಅನುಮತಿ ಸಿಕ್ಕಿ, ಅಪೀಲಾಗಿ ತೀರ್ಮಾನವಾಯಿತೋ, ಆ ಬಾಗಿಲು ಮುಚ್ಚಿತು. ಅಂದರೆ ದೆಹಲಿಯಲ್ಲಿ ಒಳಗೆ ಬಿಡಲೇ ಇಲ್ಲ ಎಂದಾಗಲೇ ಬೆಂಗಳೂರಿನ ಬಾಗಿಲು ತಟ್ಟುವ ಅವಕಾಶ ಉಳಿಯುತ್ತದೆ!