ಶನಿವಾರ ರಾತ್ರಿಯ ಒಂದು ಪುಟ

"ಈ ವಾರ 31 ಗಂಟೆ ಓದಿದೆ. ಫಿಸಿಕ್ಸ್ ಟೆಸ್ಟಿನಲ್ಲಿ 30ಕ್ಕೆ 11. ಮುಂದಿನ ವಾರ ಇನ್ನೂ ಜಾಸ್ತಿ ಓದಬೇಕು." ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಶನಿವಾರ ರಾತ್ರಿ ಡೈರಿಯಲ್ಲಿ ಬರೆದ ಸಾಲುಗಳಿವು. ಸೋಮವಾರ ಅದನ್ನು ತಂದು ನನಗೆ ತೋರಿಸಿದಳು.

ಮೂರನೆಯ ಸಾಲು ನನ್ನನ್ನು ಕಾಡಿತು. 31 ಗಂಟೆ ಓದಿದವಳು ಇನ್ನೆಷ್ಟು ಓದಬೇಕು? ಉತ್ತರಪತ್ರಿಕೆ ಎದುರಿಗಿಟ್ಟುಕೊಂಡು, ಹೋದ 19 ಅಂಕಗಳಲ್ಲಿ ಒಂದೊಂದೂ ಯಾಕೆ ಹೋಯಿತೆಂದು ಬರೆಯಲು ಹೇಳಿದೆ. ಓದದೇ ಬಿಟ್ಟಿದ್ದಕ್ಕೆ ಹೋದದ್ದು 3. ಲೆಕ್ಕದ ತಪ್ಪಿಗೆ 4. ಉಳಿದ 12ರ ಮುಂದೆ ಅವಳೇ ಬರೆದಳು: "ಓದಿದ್ದೆ, ಆದರೆ ಬರೆಯುವಾಗ ಬರಲಿಲ್ಲ."

ಸಮಾಂತರ ಫಲಕಗಳ ಕೆಪಾಸಿಟರ್‌ನ ಪ್ರಶ್ನೆಯನ್ನೇ ನೋಡಿ. `C = ε₀A/d` ಎಂಬ ಸೂತ್ರ ಅವಳಿಗೆ ಬಾಯಿಪಾಠ. ಅದು ಹೇಗೆ ಬಂತೆಂದು ತೋರಿಸುವಾಗ ಫಲಕಗಳ ನಡುವಿನ ವಿದ್ಯುತ್ ಕ್ಷೇತ್ರವನ್ನು `σ/2ε₀` ಎಂದು ಬರೆದಿದ್ದಳು. ಅದು ಒಂದೇ ಫಲಕದ ಕ್ಷೇತ್ರ. ಎರಡರದ್ದೂ ನಡುವೆ ಒಂದೇ ದಿಕ್ಕಿನಲ್ಲಿ ಕೂಡಿ `σ/ε₀` ಆಗುತ್ತದೆ. ನೋಟ್ಸಿನಲ್ಲಿ ಆ ಸಾಲಿನ ಮೇಲೆ ಹಳದಿ ಗೆರೆ ಎಳೆದಿದ್ದಳು, ನಾಲ್ಕು ಸಲ ಓದಿದ್ದಳು. ಕಣ್ಣಿಗೆ ಪರಿಚಯವಾಗಿತ್ತು, ಕೈಗೆ ಬಂದಿರಲಿಲ್ಲ.

2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಮೊದಲು ಓದಿ, ಆಮೇಲೆ ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ಬರೆದವರ ನೆನಪಿನಲ್ಲಿ ಉಳಿದಿದ್ದು ಸುಮಾರು ಶೇ 60, ಬರೀ ಓದಿದವರಲ್ಲಿ ಸುಮಾರು ಶೇ 40. ಓದಿ ಮುಗಿಸಿದ ರಾತ್ರಿ "ಎಲ್ಲಾ ಬರುತ್ತೆ" ಅನ್ನಿಸುವುದು ಇದೇ ಕಾರಣಕ್ಕೆ. ಮಕ್ಕಳು ಮೋಸಹೋಗುವುದೂ ಅಲ್ಲೇ.

ಡೈರಿಯ ಮೂರನೆಯ ಸಾಲನ್ನು ಅವಳು ಹೊಡೆದುಹಾಕಿ ಹೀಗೆ ಬರೆದಳು: "ಸಂಜೆ ಓದಿದ ಡೆರಿವೇಶನ್ ಅನ್ನು ಊಟಕ್ಕೆ ಮುಂಚೆ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯುವುದು. ಎಲ್ಲಿ ನಿಂತಿತೋ ಅಲ್ಲಿ ಕೆಂಪು ಗುರುತು. ಮೂರು ದಿನ ಬಿಟ್ಟು ಮತ್ತೊಮ್ಮೆ." ಬದಲಾವಣೆ ಅದೊಂದೇ ಸಾಕೆಂದೆ. ಲೆಕ್ಕದ ತಪ್ಪುಗಳನ್ನು ಇನ್ನೊಂದು ವಾರಕ್ಕೆ ಬಿಟ್ಟೆವು. ಅರ್ಥವೇ ಆಗದ ಪಾಠಕ್ಕೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಮೊದಲು ಯಾರಾದರೂ ಕೂತು ಹೇಳಿಕೊಡಲೇಬೇಕು.

ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ, ಆ ಪುಟವನ್ನು ಶನಿವಾರ ರಾತ್ರಿಯೇ, ಉತ್ತರಪತ್ರಿಕೆ ಪಕ್ಕದಲ್ಲಿಟ್ಟುಕೊಂಡು ಬರೆಯಲು ಹೇಳಿ. ಸೋಮವಾರದ ಹೊತ್ತಿಗೆ ಅಂಕ ಮಾತ್ರ ನೆನಪಿರುತ್ತದೆ, ಕೈ ಎಲ್ಲಿ ನಿಂತಿತೆಂಬುದು ಮರೆತಿರುತ್ತದೆ.