ನಾಲ್ಕು ತಾಲ್ಲೂಕಿಗೆ ಒಂದೇ ಇಮೇಲ್

ಶಾಲಾ ಶಿಕ್ಷಣದ ಆಡಳಿತದಲ್ಲಿ ತುಮಕೂರು ಜಿಲ್ಲೆ ಎರಡು ಭಾಗ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕೂ ಕಡೆಯ ಮುಖ್ಯ ಶಿಕ್ಷಕರಿಗೆ ಒಂದು ಸಭೆಯ ಸುದ್ದಿ ತಿಳಿಸಬೇಕು ಎಂದಿಟ್ಟುಕೊಳ್ಳಿ. ಕಂಪ್ಯೂಟರಿನ ಮುಂದೆ ಕೂತು ಸುತ್ತೋಲೆಯ ಧಾಟಿಯಲ್ಲಿ ಬರೆದರೆ ಅದು ಹೀಗಿರುತ್ತದೆ:

"ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆ ಕುರಿತ ಸಭೆಯನ್ನು ಮಧುಗಿರಿಯಲ್ಲಿ ಸೋಮವಾರ, ಶಿರಾದಲ್ಲಿ ಮಂಗಳವಾರ, ಕೊರಟಗೆರೆಯಲ್ಲಿ ಬುಧವಾರ, ಪಾವಗಡದಲ್ಲಿ ಗುರುವಾರ ಬೆಳಿಗ್ಗೆ 10.30ಕ್ಕೆ ಏರ್ಪಡಿಸಿದ್ದು, ಮುಖ್ಯ ಶಿಕ್ಷಕರು ಹಾಜರಾತಿ ಪಟ್ಟಿ ಹಾಗೂ ಅಂಕಪಟ್ಟಿಯೊಂದಿಗೆ ಹಾಜರಾಗತಕ್ಕದ್ದು."

ದೊಡ್ಡ ಪರದೆಯಲ್ಲಿ ಇದು ಮೂರ್ನಾಲ್ಕು ಸಾಲು. ಮೊಬೈಲಿನಲ್ಲಿ ಹತ್ತು ದಾಟಬಹುದು. ಕನ್ನಡದ ಪದಗಳು ಉದ್ದ. "ಅಂಕಪಟ್ಟಿಯೊಂದಿಗೆ" ಎಂಬುದು ಸಾಲಿನ ಕೊನೆಯಲ್ಲಿ ಹಿಡಿಸದಿದ್ದರೆ ಇಡಿಯಾಗಿ ಕೆಳಗಿಳಿಯುತ್ತದೆ. ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಜಾಗ ಬೇಕು. ಹಾಗಾಗಿ ಪಾವಗಡದವರು ತಮ್ಮ ದಿನವನ್ನು ಆ ಗುಂಪಿನಲ್ಲಿ ಹುಡುಕಬೇಕಾಗುತ್ತದೆ.

ಅದನ್ನೇ ಹೀಗೆ ಬರೆಯಬಹುದು:

ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆ ಸಭೆಗೆ ಮುಖ್ಯ ಶಿಕ್ಷಕರು ಬರಬೇಕು. ಎಲ್ಲ ಕಡೆಯೂ ಬೆಳಿಗ್ಗೆ 10.30ಕ್ಕೆ.

- ಮಧುಗಿರಿ: ಸೋಮವಾರ
- ಶಿರಾ: ಮಂಗಳವಾರ
- ಕೊರಟಗೆರೆ: ಬುಧವಾರ
- ಪಾವಗಡ: ಗುರುವಾರ

ಹಾಜರಾತಿ ಪಟ್ಟಿ, ಅಂಕಪಟ್ಟಿ ತನ್ನಿ.

ಏನು ಮಾಡಬೇಕೆಂಬುದು ಮೊದಲ ಸಾಲಿನಲ್ಲೇ ಇದೆ. ಇಮೇಲ್ ತೆರೆಯುವ ಮುನ್ನ ಇನ್‌ಬಾಕ್ಸಿನಲ್ಲಿ ವಿಷಯದ ಪಕ್ಕ ಅಥವಾ ಕೆಳಗೆ ಸಾಮಾನ್ಯವಾಗಿ ಕಾಣುವುದೂ ಈ ಸಾಲೇ. ಪಟ್ಟಿಯ ಪ್ರತಿ ಸಾಲೂ ತಾಲ್ಲೂಕಿನ ಹೆಸರಿನಿಂದ ಶುರುವಾಗುವುದರಿಂದ ಓದುವವರು ಎಡ ಅಂಚಿನಲ್ಲಿ ಕಣ್ಣಾಡಿಸಿದರೆ ಸಾಕು. ಎಲ್ಲರಿಗೂ ಒಂದೇ ಆದ ಸಮಯ ಪಟ್ಟಿಯಿಂದ ಹೊರಗಿದೆ.

ಪ್ಯಾರಾಗಳ ನಡುವೆ ಎರಡು ಸಲ ಎಂಟರ್ ಒತ್ತಿ ಒಂದು ಸಾಲು ಖಾಲಿ ಬಿಡಿ. ಸ್ಪೇಸ್ ಒತ್ತಿ ಒತ್ತಿ ಅಂಕಣ ಜೋಡಿಸಬೇಡಿ. ಪರದೆಯ ಅಗಲ ಬದಲಾದ ಕೂಡಲೇ ಅದು ಚೆಲ್ಲಾಪಿಲ್ಲಿಯಾಗುತ್ತದೆ. ಟೇಬಲ್ ಹಾಕಿದರೆ ಅಂಕಣಗಳು ಇರುಕಿಕೊಳ್ಳುತ್ತವೆ, ಇಲ್ಲವೇ ಪರದೆಯಿಂದಾಚೆ ಹೋಗುತ್ತವೆ. ಪಟ್ಟಿಯೊಳಗೊಂದು ಪಟ್ಟಿಯೂ ಬೇಡ. ಒಳಗೆ ಸರಿದಷ್ಟೂ ಅಗಲ ಕಡಿಮೆಯಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಟೈಪಿಸಿದ್ದನ್ನು ಅಂಟಿಸಿದರೆ ಮೊಬೈಲಿನಲ್ಲಿ ಕನ್ನಡವೇ ಕಾಣದು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಎಲ್ಲವನ್ನೂ ಚುಕ್ಕೆಪಟ್ಟಿ ಮಾಡುವಂತಿಲ್ಲ. ಒಬ್ಬ ವಿದ್ಯಾರ್ಥಿಯ ಹೆಸರು ಏಕೆ ಬಿಟ್ಟುಹೋಯಿತು ಎಂದು ವಿವರಿಸುವಾಗ ಒಂದು ಮಾತು ಇನ್ನೊಂದಕ್ಕೆ ಕಾರಣವಾಗಿರುತ್ತದೆ. ಚುಕ್ಕೆಗಳಾಗಿ ಒಡೆದರೆ ಆ ಕೊಂಡಿ ಕಳಚುತ್ತದೆ. ಅಲ್ಲಿ ಎರಡು ಮೂರು ವಾಕ್ಯಗಳ ಚಿಕ್ಕ ಪ್ಯಾರಾಗಳೇ ಸರಿ. ಒಂದಾದ ಮೇಲೊಂದು ಮಾಡುವ ಕೆಲಸಗಳಿದ್ದರೆ ಚುಕ್ಕೆಯ ಬದಲು ಅಂಕಿ ಹಾಕಿ.

ಕಳಿಸುವ ಮುನ್ನ ಇಮೇಲನ್ನು ನಿಮಗೇ ಕಳಿಸಿಕೊಂಡು ಮೊಬೈಲಿನಲ್ಲಿ ತೆರೆಯಿರಿ. ಒಂದೇ ಪ್ಯಾರಾ ಅರ್ಧ ಪರದೆ ತುಂಬಿದ್ದರೆ ಅದನ್ನು ಎರಡು ಮಾಡಿ.